ಕಾಫಿ ತೋಟದ ರೈಟರ್‌ಗೆ ಬೇರೆ ಯಾವ ಕೆಲಸ ಹೊಂದುತ್ತದೆ? ವೃತ್ತಿ ವರ್ಗೀಕರಣ ಹಿಡಿದು ಹುಡುಕುವ ಕ್ರಮ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ‘ರೈಟರ್’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಹಾಜರಿ ಕರೆಯುವುದು, ಸಂಜೆ ಹಣ್ಣು ತೂಗಿ ಬರೆಯುವುದು, ಬಟವಾಡೆಯ ಲೆಕ್ಕ ಮಾಡುವುದು, ಗೊಬ್ಬರದ ಗೋಡೌನಿನ ಬೀಗದ ಕೈ ಇಟ್ಟುಕೊಳ್ಳುವುದು ಎಲ್ಲವೂ ಅವರದೇ ಕೆಲಸ. ಆದರೆ ಅದೇ ರೈಟರ್ ಕೆಲಸ ಹುಡುಕುವ ಜಾಲತಾಣಕ್ಕೆ ಹೋಗಿ ತನ್ನ ಹುದ್ದೆಯ ಹೆಸರನ್ನು `writer` ಎಂದು ಟೈಪ್ ಮಾಡಿದರೆ ತೆರೆಯ ಮೇಲೆ ಬರುವುದು ಜಾಹೀರಾತು ಬರೆಯುವ, ಲೇಖನ ಬರೆಯುವ ಕೆಲಸಗಳು. ಹತ್ತು ವರ್ಷದ ಅನುಭವಕ್ಕೆ ಹೊರಗೆ ಹೆಸರೇ ಇಲ್ಲದಂತಾಗುತ್ತದೆ. ಪೊಲೀಸ್ ಠಾಣೆಯಲ್ಲೂ ‘ರೈಟರ್’ ಇದ್ದಾರೆ, ಅವರ ಕೆಲಸವೇ ಬೇರೆ. ಹುದ್ದೆಯ ಹೆಸರು ಊರಿಗೊಂದು, ಕ್ಷೇತ್ರಕ್ಕೊಂದು. ಕೆಲಸ ಮಾತ್ರ ಎಲ್ಲ ಕಡೆಯೂ ಹೋಲುತ್ತದೆ.

ವೃತ್ತಿ ವರ್ಗೀಕರಣ ಈ ತೊಡಕನ್ನು ಬಿಡಿಸುತ್ತದೆ, ಏಕೆಂದರೆ ಅದು ಉದ್ಯೋಗಗಳನ್ನು ಹೆಸರಿನಿಂದಲ್ಲ, ಮಾಡುವ ಕೆಲಸದಿಂದ ವಿಂಗಡಿಸುತ್ತದೆ. ರೈಟರ್ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು ಆ ದತ್ತಾಂಶವನ್ನು ಹೇಗೆ ಬಳಸಬೇಕೆಂದು ಇಲ್ಲಿ ಹಂತಹಂತವಾಗಿ ನೋಡೋಣ. ಒಂದು ನೋಟ್‌ಬುಕ್, ಎಕ್ಸೆಲ್‌ನಂಥ ಯಾವುದಾದರೂ ಲೆಕ್ಕದ ಹಾಳೆ, ಎರಡು ಭಾನುವಾರದ ಬಿಡುವು ಸಾಕು.

ಯಾವ ದತ್ತಾಂಶ

ನಮ್ಮ ದೇಶದ ಪಟ್ಟಿಯ ಹೆಸರು ರಾಷ್ಟ್ರೀಯ ವೃತ್ತಿ ವರ್ಗೀಕರಣ, ಚಿಕ್ಕದಾಗಿ ಎನ್‌ಸಿಒ. ಈಗ ಬಳಕೆಯಲ್ಲಿರುವುದು 2015ರ ಆವೃತ್ತಿ. ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯ ಪ್ರಕಟಿಸಿದ್ದು, ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣ `ncs.gov.in` ಕೂಡ ಇದೇ ವರ್ಗೀಕರಣದ ಮೇಲೆ ನಿಂತಿದೆ.

ಪ್ರತಿ ವೃತ್ತಿಗೂ ಎಂಟು ಅಂಕಿಯ ಸಂಕೇತವಿದೆ. ನಾಲ್ಕು ಅಂಕಿ, ಒಂದು ಚುಕ್ಕೆ, ಮತ್ತೆ ನಾಲ್ಕು ಅಂಕಿ. ನಮಗೆ ಮುಖ್ಯವಾದುದು ಮೊದಲ ನಾಲ್ಕು. ಮೊದಲ ಅಂಕಿ ವಿಭಾಗವನ್ನು ಹೇಳುತ್ತದೆ: 4 ಎಂದರೆ ಗುಮಾಸ್ತೆ ಕೆಲಸಗಳು, 6 ಎಂದರೆ ಕುಶಲ ಕೃಷಿ ಕೆಲಸಗಳು, 3 ಎಂದರೆ ತಾಂತ್ರಿಕ ಸಹಾಯಕರು ಮತ್ತು ಮೇಲ್ವಿಚಾರಕರು. ಎರಡನೆಯ ಮತ್ತು ಮೂರನೆಯ ಅಂಕಿಗಳು ಅದನ್ನು ಸಣ್ಣ ಗುಂಪುಗಳಾಗಿ ಒಡೆಯುತ್ತವೆ. ನಾಲ್ಕನೆಯದಕ್ಕೆ ಬಂದಾಗ ಒಂದು ‘ಕುಟುಂಬ’ ಸಿಗುತ್ತದೆ. ಉದಾಹರಣೆಗೆ 4321 ಎಂದರೆ ದಾಸ್ತಾನು ಗುಮಾಸ್ತರ ಕುಟುಂಬ, 4313 ಎಂದರೆ ವೇತನ ಗುಮಾಸ್ತರ ಕುಟುಂಬ.

ಈ ನಾಲ್ಕು ಅಂಕಿಗಳಿಂದ ಇನ್ನೊಂದು ಉಪಕಾರವಿದೆ. ಎನ್‌ಸಿಒ 2015 ಅನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಐಎಸ್‌ಸಿಒ-08 ವರ್ಗೀಕರಣಕ್ಕೆ ಹೊಂದಿಸಿ ಮಾಡಲಾಗಿದೆ. ಹಾಗಾಗಿ ನಾಲ್ಕು ಅಂಕಿ ಸಿಕ್ಕರೆ ಐಎಸ್‌ಸಿಒ ಪುಸ್ತಕದಲ್ಲಿ ಆ ಕುಟುಂಬದ ಕೆಲಸಗಳ ಪಟ್ಟಿಯನ್ನೂ ಓದಬಹುದು. ಅಲ್ಲಿ ಪ್ರತಿ ಕುಟುಂಬಕ್ಕೂ ಕೆಲವೇ ವಾಕ್ಯಗಳಲ್ಲಿ ಕೆಲಸಗಳನ್ನು ಅ, ಆ, ಇ ಎಂಬಂತೆ ಬಿಡಿಬಿಡಿಯಾಗಿ ಬರೆದಿದ್ದಾರೆ. ಅಂಕ ಹಾಕುವಾಗ ಆ ಪಟ್ಟಿಯೇ ಅಳತೆಗೋಲು.

ಮೊದಲ ಹಂತ: ವರ್ಷದ ಕೆಲಸವನ್ನು ವಾಕ್ಯಗಳಾಗಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇದಕ್ಕೆ ಸಮಯ ಕೊಡಿ. ನೆನಪಿನಿಂದ ಬರೆಯಲು ಕುಳಿತರೆ ಈಗ ನಡೆಯುತ್ತಿರುವ ಕೆಲಸ ಮಾತ್ರ ಹಾಳೆಗೆ ಬರುತ್ತದೆ. ಜನವರಿಯಲ್ಲಿ ಬರೆದರೆ ಇಡೀ ಪುಟ ಕೊಯ್ಲು ಮತ್ತು ತೂಕ. ಜೂನ್‌ನಲ್ಲಿ ಬರೆದರೆ ಗೊಬ್ಬರ ಮತ್ತು ಬೋರ್ಡೊ ದ್ರಾವಣ. ಕಾಫಿಯ ವರ್ಷ ಒಂದೇ ಸಮನಾಗಿರುವುದಿಲ್ಲ. ಹೂಮಳೆಯ ಹೊತ್ತಿನ ಕೆಲಸ, ಮರಗಸಿ, ಗೊಬ್ಬರದ ಸುತ್ತುಗಳು, ಕೊಯ್ಲು, ಕಣದಲ್ಲಿ ಒಣಗಿಸುವುದು, ಲಾರಿಗೆ ತುಂಬಿಸಿ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವುದು, ಎಲ್ಲದರಲ್ಲೂ ರೈಟರ್ ಬೇರೆ ಬೇರೆ ಕೆಲಸ ಮಾಡುತ್ತಾರೆ. ಕಳೆದ ವರ್ಷದ ಚೆಕ್‌ರೋಲ್, ದಾಸ್ತಾನು ಪುಸ್ತಕ, ಲಾರಿ ರವಾನೆಯ ಚೀಟಿಗಳನ್ನು ಮುಂದಿಟ್ಟುಕೊಂಡು ತಿಂಗಳು ತಿಂಗಳಾಗಿ ನೋಡುತ್ತಾ ಬರೆಯಿರಿ. ಆ ದಾಖಲೆಗಳು ತೋಟದ್ದು, ಅವು ಅಲ್ಲಿಯೇ ಇರಲಿ. ನಿಮಗೆ ಬೇಕಾದುದು ನಿಮ್ಮ ಕೆಲಸದ ವಿವರ ಮಾತ್ರ.

ವಾಕ್ಯದ ಅಳತೆ ಸರಿಯಾಗಿರಬೇಕು. ‘ತೋಟ ನೋಡಿಕೊಳ್ಳುತ್ತೇನೆ’ ಎಂದು ಬರೆದರೆ ಅದು ತೀರಾ ದೊಡ್ಡದು. ಅದನ್ನು ಹಿಡಿದು ಹುಡುಕಿದರೆ 1311ಕ್ಕೆ, ಅಂದರೆ ಕೃಷಿ ಉತ್ಪಾದನಾ ವ್ಯವಸ್ಥಾಪಕರ ಕುಟುಂಬಕ್ಕೆ ಹೋಗಿ ನಿಲ್ಲುತ್ತೀರಿ. ‘ಪುಸ್ತಕ ಬರೆಯುತ್ತೇನೆ’ ಎಂಬುದು ಯಾವ ಪುಸ್ತಕ ಎಂದು ಹೇಳದೆ ಏನನ್ನೂ ಹೇಳುವುದಿಲ್ಲ. ‘ಪ್ರಾಮಾಣಿಕ, ಶ್ರಮಜೀವಿ’ ಎಂಬುದು ಗುಣ, ಕೆಲಸವಲ್ಲ. ಏನು ಮಾಡುತ್ತೀರಿ, ಯಾವುದರ ಮೇಲೆ, ಎಷ್ಟು, ಯಾವ ಸಾಧನದಿಂದ, ಅದನ್ನು ಮುಂದೆ ಯಾರು ನೋಡುತ್ತಾರೆ ಎಂಬ ಐದೂ ಒಂದು ವಾಕ್ಯದಲ್ಲಿ ಬಂದರೆ ಸರಿಯಾದ ಅಳತೆ.

ನಾವು ನೋಡುವ ರೈಟರ್ ದ್ವಿತೀಯ ಪಿಯುಸಿ ಮುಗಿಸಿದವರು, ಕಾಯಂ ಮತ್ತು ಕೊಯ್ಲಿನ ಹೊರ ಆಳುಗಳು ಸೇರಿ 60 ಜನರ ಲೆಕ್ಕ ಇಡುವವರು ಎಂದಿಟ್ಟುಕೊಳ್ಳೋಣ. ಅವರ ಪಟ್ಟಿಯಲ್ಲಿ ಇಂಥ ವಾಕ್ಯಗಳು ಬರುತ್ತವೆ.

ಪ್ರತಿದಿನ ಬೆಳಿಗ್ಗೆ 60 ಜನರ ಹಾಜರಿಯನ್ನು ಚೆಕ್‌ರೋಲ್‌ನಲ್ಲಿ ಗುರುತಿಸಿ, ಮೇಸ್ತ್ರಿ ಕೊಟ್ಟ ಲೆಕ್ಕದೊಂದಿಗೆ ಸಂಜೆ ತಾಳೆ ನೋಡುತ್ತೇನೆ. ಕೊಯ್ಲಿನಲ್ಲಿ ಪ್ರತಿ ಕೊಯ್ಲುಗಾರರ ಹಣ್ಣನ್ನು ತಕ್ಕಡಿಯಲ್ಲಿ ತೂಗಿ, ಹೆಸರಿನ ಮುಂದೆ ಕಿಲೋ ಬರೆದು, ಬ್ಲಾಕಿನ ಒಟ್ಟು ತೂಕಕ್ಕೆ ಹೊಂದಿಸುತ್ತೇನೆ. ದಿನಗೂಲಿ, ಕಿಲೋ ಲೆಕ್ಕದ ಕೂಲಿ, ಮುಂಗಡ ಮತ್ತು ಪಿಎಫ್ ಕಡಿತ ಸೇರಿಸಿ ಬಟವಾಡೆ ಪಟ್ಟಿ ಮಾಡುತ್ತೇನೆ, ಮ್ಯಾನೇಜರ್ ಸಹಿ ಹಾಕುತ್ತಾರೆ, ಬ್ಯಾಂಕಿಗೆ ಆಫೀಸಿನವರು ಕಳಿಸುತ್ತಾರೆ. ಬ್ಲಾಕಿನಲ್ಲಿ 3,000 ಗಿಡ, ಗಿಡಕ್ಕೆ 100 ಗ್ರಾಂ ಎಂದರೆ 300 ಕಿಲೋ, ಅಂದರೆ 50 ಕಿಲೋದ 6 ಚೀಲ ಎಂದು ಲೆಕ್ಕ ಹಾಕಿ ಗೊಬ್ಬರ ಕೊಟ್ಟು, ಉಳಿದ ದಾಸ್ತಾನು ಬರೆಯುತ್ತೇನೆ. ಕತ್ತಿ, ಸ್ಪ್ರೇಯರ್, ಡೀಸೆಲ್ ಕೊಟ್ಟದ್ದನ್ನೂ ವಾಪಸ್ ಬಂದದ್ದನ್ನೂ ಬರೆಯುತ್ತೇನೆ. ಒಣಗಿದ ಕಾಫಿಯ ಚೀಲ ಎಣಿಸಿ, ತೂಗಿ, ಲಾರಿಗೆ ಹಾಕಿಸಿ, ರವಾನೆ ಚೀಟಿ ಬರೆಯುತ್ತೇನೆ. ಕ್ಯೂರಿಂಗ್ ವರ್ಕ್ಸ್‌ನಿಂದ ತೂಕದ ರಸೀದಿ ಬಂದಾಗ ನಮ್ಮ ತೂಕಕ್ಕೆ ಹೋಲಿಸಿ ವ್ಯತ್ಯಾಸವನ್ನು ಹೇಳುತ್ತೇನೆ.

ಹೀಗೆ 12ರಿಂದ 20 ವಾಕ್ಯ ಆದರೆ ಸಾಕು.

ಎರಡನೆಯ ಹಂತ: ಕುಟುಂಬಗಳನ್ನು ಹುಡುಕಿ, ಒಂದಕ್ಕೇ ಕಟ್ಟುಬೀಳಬೇಡಿ

ಎನ್‌ಸಿಒ ಪಿಡಿಎಫ್ ತೆರೆದು ಹುದ್ದೆಯ ಹೆಸರನ್ನು ಹುಡುಕಬೇಡಿ, ಕ್ರಿಯಾಪದವನ್ನು ಹುಡುಕಿ. ವಿವರಣೆಗಳು ಇಂಗ್ಲಿಷ್‌ನಲ್ಲಿವೆ, ಆದ್ದರಿಂದ ಹುಡುಕುವ ಪದವೂ ಇಂಗ್ಲಿಷ್‌ನಲ್ಲೇ ಇರಬೇಕು. ವಾಕ್ಯಗಳು ‘ತೂಗುತ್ತಾರೆ, ದಾಖಲಿಸುತ್ತಾರೆ’ ಎಂಬ ಧಾಟಿಯಲ್ಲಿರುವುದರಿಂದ ಪದದ ಕೊನೆಯಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಇರುತ್ತದೆ. ಪದದ ಬುಡವನ್ನು ಮಾತ್ರ ಟೈಪ್ ಮಾಡಿ:

```
weigh
attendance
wage
stock
issue
despatch
dispatch
```

ಕೊನೆಯ ಎರಡೂ ಒಂದೇ ಪದದ ಎರಡು ಕಾಗುಣಿತ. ಸರ್ಕಾರಿ ಕಡತಗಳಲ್ಲಿ `despatch` ಎಂಬ ಕಾಗುಣಿತವೂ ಬರುವುದರಿಂದ ಎರಡನ್ನೂ ಹಾಕಿ ನೋಡಿ. ಒಂದು ಪದಕ್ಕೆ ಹತ್ತಾರು ಕಡೆ ಸಿಗುತ್ತದೆ. ಪ್ರತಿಯೊಂದಕ್ಕೂ ನಿಂತು ಓದದೆ, ಆ ವಿವರಣೆಯ ಮೊದಲ ನಾಲ್ಕು ಅಂಕಿ ಬರೆದುಕೊಂಡು ಮುಂದೆ ಹೋಗಿ. ಕೊನೆಗೆ ಯಾವ ನಾಲ್ಕು ಅಂಕಿ ಹೆಚ್ಚು ಸಲ ಬಂದಿದೆಯೋ ಅದೇ ನಿಮ್ಮ ಅಕ್ಕಪಕ್ಕದ ಮನೆ.

ರೈಟರ್ ಕೆಲಸಕ್ಕೆ ಹೀಗೆ ಮೇಲೆ ಬರುವ ಮುಖ್ಯ ಕುಟುಂಬಗಳು ಮೂರು: 4313 ವೇತನ ಗುಮಾಸ್ತರು, 4321 ದಾಸ್ತಾನು ಗುಮಾಸ್ತರು, 4322 ಉತ್ಪಾದನಾ ಗುಮಾಸ್ತರು.

ವರ್ಗೀಕರಣ ಮಾಡುವವರ ನಿಯಮ ಮತ್ತು ಕೆಲಸ ಹುಡುಕುವವರ ನಿಯಮ ಇಲ್ಲಿ ಬೇರೆಯಾಗುತ್ತವೆ. ಗಣತಿ, ಸಮೀಕ್ಷೆ ಮಾಡುವವರಿಗೆ ಒಬ್ಬ ವ್ಯಕ್ತಿಗೆ ಒಂದೇ ಸಂಕೇತ ಬೇಕು. ಅದಕ್ಕಾಗಿ ಐಎಸ್‌ಸಿಒದಲ್ಲಿ ನಿಯಮಗಳಿವೆ: ಕೆಲಸದಲ್ಲಿ ಬೇರೆ ಬೇರೆ ಮಟ್ಟದ ಕೌಶಲ ಬೇಕಿದ್ದರೆ ಹೆಚ್ಚು ಕೌಶಲ ಬೇಡುವ ಭಾಗವನ್ನು ಹಿಡಿಯಬೇಕು, ಮಟ್ಟ ಒಂದೇ ಆಗಿದ್ದರೆ ಹೆಚ್ಚು ಪಾಲು ಯಾವ ಕೆಲಸದ್ದೋ ಅದನ್ನು ಹಿಡಿಯಬೇಕು. ಅವರ ಲೆಕ್ಕಕ್ಕೆ ಅದು ಸರಿ. ನೀವೂ ಹಾಗೆ ಮಾಡಿದರೆ ರೈಟರ್ ಕೆಲಸದ ಮುಕ್ಕಾಲು ಭಾಗವನ್ನು ಕೈಯಾರೆ ಬಿಸಾಡಿದಂತಾಗುತ್ತದೆ. ತೋಟದ ಆಫೀಸು ಚಿಕ್ಕದಾದ್ದರಿಂದ ಮೂರು ಜನರ ಕೆಲಸ ಒಬ್ಬರ ಮೇಲೆ ಬಿದ್ದಿದೆ. ದೊಡ್ಡ ಕಾರ್ಖಾನೆಯಲ್ಲಿ ಅದೇ ಮೂರು ಕೆಲಸಕ್ಕೆ ಮೂರು ಮೇಜು, ಮೂರು ಹುದ್ದೆ. ಹಾಗಾಗಿ ಮೂರು ಸಂಕೇತಗಳನ್ನೂ ಉಳಿಸಿಕೊಳ್ಳಿ.

ಇನ್ನೊಂದು ತಪ್ಪು ಕಲ್ಪನೆಯಿದೆ. ಅಂಕಿಗಳು ಪಕ್ಕಪಕ್ಕದಲ್ಲಿದ್ದರೆ ಕೆಲಸಗಳೂ ಹತ್ತಿರ ಎಂದು ಅನಿಸುತ್ತದೆ. 4321 ಮತ್ತು 4322 ಒಂದೇ ಗುಂಪಿನವು, 4313 ಬೇರೆ ಗುಂಪಿನದು. ಆದರೆ ಲೆಕ್ಕ ಹಾಕಿದಾಗ ರೈಟರ್‌ಗೆ 4322ಕ್ಕಿಂತ 4313 ಹತ್ತಿರವೆಂದು ಮುಂದೆ ಕಾಣುತ್ತೀರಿ. ಸಂಕೇತ ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕೆಂದು ಹೇಳುತ್ತದೆ. ದೂರವನ್ನು ನೀವೇ ಅಳೆಯಬೇಕು.

ಎನ್‌ಸಿಒ ಕೆಲಸವನ್ನು ಹೇಳುತ್ತದೆ, ಉದ್ಯಮವನ್ನಲ್ಲ ಎಂಬುದೂ ನೆನಪಿರಲಿ. ಉದ್ಯಮಕ್ಕೆ ಎನ್‌ಐಸಿ ಎಂಬ ಬೇರೆ ವರ್ಗೀಕರಣವಿದೆ. ಕಾಫಿ ಕ್ಯೂರಿಂಗ್‌ನ ದಾಸ್ತಾನು ಗುಮಾಸ್ತ, ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯ ದಾಸ್ತಾನು ಗುಮಾಸ್ತ, ಹಾಲಿನ ಡೇರಿಯ ದಾಸ್ತಾನು ಗುಮಾಸ್ತ, ಈ ಮೂವರಿಗೂ 4321. ರೈಟರ್ ಆಗಿದ್ದವರು ಕಾಫಿಯ ಸುತ್ತಲೇ ಹುಡುಕುವುದು ಸಹಜ. ಆದರೆ ಪಟ್ಟಿ ಹೇಳುವ ಪ್ರಕಾರ ದಾರಿ ಅಡ್ಡಕ್ಕೂ ಇದೆ.

ಮೂರನೆಯ ಹಂತ: ಅಂಕ ಹಾಕುವುದು

ಪ್ರತಿ ಕುಟುಂಬದ ಕೆಲಸಗಳ ಪಟ್ಟಿಯನ್ನು ಐಎಸ್‌ಸಿಒ ಪುಸ್ತಕದಿಂದ ತೆಗೆದು ಲೆಕ್ಕದ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಅಂಕ ಹಾಕಿ. ಪೂರ್ತಿ ಕೆಲಸವನ್ನು ನೀವೇ ಮಾಡುತ್ತಿದ್ದರೆ 2. ಒಂದು ಭಾಗ ಮಾತ್ರ ಮಾಡುತ್ತಿದ್ದರೆ 1. ಮಾಡಿಯೇ ಇಲ್ಲವಾದರೆ 0.

ಯಾವ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅಂಕ ಹಾಕುತ್ತೀರಿ ಎಂಬುದು ಬಹಳ ಮುಖ್ಯ. ‘ನನ್ನ ಕೆಲಸಗಳಲ್ಲಿ ಎಷ್ಟು ಆ ಹುದ್ದೆಯಲ್ಲಿ ಬಳಕೆಯಾಗುತ್ತವೆ’ ಎಂದು ಕೇಳಿದರೆ ರೈಟರ್‌ಗೆ ಯಾವಾಗಲೂ ಕಡಿಮೆ ಅಂಕ ಬರುತ್ತದೆ, ಏಕೆಂದರೆ ಅವರ ಕೆಲಸ ಮೂರು ಹುದ್ದೆಗಳಷ್ಟು ಅಗಲ. ‘ಆ ಹುದ್ದೆ ಕೇಳುವುದರಲ್ಲಿ ಎಷ್ಟನ್ನು ನಾನು ಈಗಾಗಲೇ ಮಾಡುತ್ತಿದ್ದೇನೆ’ ಎಂದು ಕೇಳಬೇಕು. ಕೆಲಸ ಕೊಡುವವರೂ ಅದನ್ನೇ ಕೇಳುತ್ತಾರೆ.

ವೇತನ ಗುಮಾಸ್ತರ ಕುಟುಂಬದಲ್ಲಿ ಐದು ಕೆಲಸಗಳಿವೆ. ಹಾಜರಿ, ರಜೆ, ಓವರ್‌ಟೈಮ್ ದಾಖಲೆ ಇಡುವುದು, ಇದಕ್ಕೆ ನಮ್ಮ ರೈಟರ್‌ಗೆ 2. ಕಡಿತಗಳನ್ನು ತೋರಿಸಿ ಸಂಬಳ ಪಟ್ಟಿ ಮಾಡುವುದು, ಇದಕ್ಕೆ 1, ಏಕೆಂದರೆ ಪಿಎಫ್ ಮತ್ತು ಮುಂಗಡ ಗೊತ್ತು, ಕಾರ್ಖಾನೆಯ ಉಳಿದ ಕಡಿತಗಳು ಗೊತ್ತಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಿಂದ ಪಾವತಿ ಸಿದ್ಧ ಮಾಡುವುದಕ್ಕೆ 1, ಪಟ್ಟಿ ಇವರದು, ಕಳಿಸುವವರು ಬೇರೆಯವರು. ಲೆಕ್ಕದಲ್ಲಿನ ವ್ಯತ್ಯಾಸ ಹಿಡಿದು ಸರಿಪಡಿಸುವುದಕ್ಕೆ 2. ಹಾಜರಿ ಮತ್ತು ಕೆಲಸದ ಅವಧಿ ಪರಿಶೀಲಿಸಿ ದಾಖಲೆಗೆ ಏರಿಸುವುದಕ್ಕೆ 2. ಒಟ್ಟು 10ಕ್ಕೆ 8, ಅಂದರೆ ಶೇ. 80.

ದಾಸ್ತಾನು ಗುಮಾಸ್ತರಲ್ಲಿ ಸರಕು ಬರುವುದು, ಹೋಗುವುದನ್ನು ನೋಡಿಕೊಂಡು ದಾಖಲಿಸುವುದಕ್ಕೆ 2. ದಾಸ್ತಾನು ಲೆಕ್ಕ ಇಟ್ಟು, ಬೇಕಾದುದನ್ನು ಅಂದಾಜಿಸಿ ಬೇಡಿಕೆ ಕಳಿಸುವುದಕ್ಕೆ 1, ಏಕೆಂದರೆ ಏನು ತರಿಸಬೇಕೆಂದು ನಿರ್ಧರಿಸುವವರು ಮ್ಯಾನೇಜರ್. ಸಲಕರಣೆ, ಬಿಡಿಭಾಗ ಕೊಟ್ಟು ತೆಗೆದುಕೊಳ್ಳುವುದಕ್ಕೆ 2. ತೂಗಿ ದಾಖಲಿಸುವುದಕ್ಕೆ 2. ಐದನೆಯದು ಶೇಖರಣೆಗೆ ಬಂದ ಪೀಠೋಪಕರಣ ಮುಂತಾದವುಗಳ ಪಟ್ಟಿ ಮಾಡುವುದು, ಅದಕ್ಕೆ 0. ಒಟ್ಟು 7, ಶೇ. 70.

ಉತ್ಪಾದನಾ ಗುಮಾಸ್ತರಲ್ಲಿ ಎಷ್ಟು ಸಾಮಗ್ರಿ ಬೇಕೆಂದು ಲೆಕ್ಕ ಹಾಕುವುದಕ್ಕೆ 2. ಗೊಬ್ಬರದ ಚೀಲದ ಲೆಕ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಾವಾಗ ಏನು ಬೇಕೆಂಬ ವೇಳಾಪಟ್ಟಿಗೆ 1. ಗ್ರಾಹಕರ ಆರ್ಡರ್ ಮತ್ತು ಕಾರ್ಖಾನೆಯ ಸಾಮರ್ಥ್ಯ ನೋಡಿ ಉತ್ಪಾದನೆಯ ವೇಳಾಪಟ್ಟಿ ಮಾಡುವುದಕ್ಕೆ 0. ದಾಸ್ತಾನು ನೋಡಿ, ತಡವಾದ ಸರಕಿನ ಬೆನ್ನು ಹತ್ತುವುದಕ್ಕೆ 1. ವಿಭಾಗಗಳ ನಡುವೆ ಕೆಲಸ, ಸಾಮಗ್ರಿ ಸಾಗುವುದನ್ನು ಗಮನಿಸುವುದಕ್ಕೆ 1. ಒಟ್ಟು 5, ಶೇ. 50.

ಅಂಕ ಮೋಸ ಮಾಡುವುದು ಎಲ್ಲಿ

ಇಷ್ಟಕ್ಕೇ ನಿಂತರೆ ವೇತನದ ಕೆಲಸವೇ ಮೊದಲು ಎನಿಸುತ್ತದೆ. ಆದರೆ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಮೊದಲನೆಯ ಮತ್ತು ಐದನೆಯ ಕೆಲಸಗಳು ಹೆಚ್ಚು ಕಡಿಮೆ ಒಂದೇ. ಎರಡೂ ಹಾಜರಿಯ ದಾಖಲೆ. ಒಂದೇ ಕೌಶಲಕ್ಕೆ ಎರಡು ಸಲ ಅಂಕ ಸಿಕ್ಕಿದೆ. ಅದೂ ಅಲ್ಲದೆ, ‘ದಾಖಲೆ ಇಡುವುದು’ ಎಂಬುದು 4ರಿಂದ ಶುರುವಾಗುವ ಬಹುತೇಕ ಎಲ್ಲ ಕುಟುಂಬಗಳಲ್ಲೂ ಬರುತ್ತದೆ. ಅದರಲ್ಲಿ 2 ಸಿಕ್ಕರೆ ನೀವು ಗುಮಾಸ್ತೆ ಕೆಲಸ ಬಲ್ಲಿರಿ ಎಂದಷ್ಟೇ ಅರ್ಥ, ಈ ಹುದ್ದೆಗೆ ತಕ್ಕವರು ಎಂದಲ್ಲ.

ಆದ್ದರಿಂದ ಪ್ರತಿ ಕೆಲಸಕ್ಕೂ ಅದು ಎಷ್ಟು ಮುಖ್ಯವೆಂದು ಹೇಳುವ ಒಂದು ತೂಕ ಕೊಡಿ. ಎಲ್ಲ ಕಡೆ ಕಾಣುವ ಅಥವಾ ಎರಡು ಸಲ ಬಂದ ಕೆಲಸಕ್ಕೆ 1. ಆ ಕುಟುಂಬವನ್ನು ಬೇರೆಯವುಗಳಿಂದ ಬೇರ್ಪಡಿಸುವ ಕೆಲಸಕ್ಕೆ 2. ನಮ್ಮ ಊರಿನ ಕೆಲಸದ ಜಾಗಗಳಲ್ಲಿ ಇಲ್ಲವೇ ಇಲ್ಲದ್ದಕ್ಕೆ 0. ಪೀಠೋಪಕರಣ ಶೇಖರಿಸುವ ಗೋದಾಮಿನ ಕೆಲಸ ಇಲ್ಲಿ ಯಾರೂ ಕೇಳುವುದಿಲ್ಲ, ಹಾಗಾಗಿ ಅದಕ್ಕೆ 0. ಅಂಕಗಳು B ಅಂಕಣದಲ್ಲಿ, ತೂಕಗಳು C ಅಂಕಣದಲ್ಲಿ ಇದ್ದರೆ ಸೂತ್ರ ಇಷ್ಟೇ:

```
=SUMPRODUCT(B2:B6,C2:C6)/(2*SUM(C2:C6))
```

ಮೇಲೆ ಹೇಳಿದ ಕ್ರಮದಲ್ಲೇ ಅಂಕ ಮತ್ತು ತೂಕಗಳನ್ನು ಇಟ್ಟರೆ ಫಲಿತಾಂಶ ಹೀಗೆ ಬರುತ್ತದೆ.

| ಕುಟುಂಬ | ಅಂಕಗಳು | ತೂಕಗಳು | ತೂಕವಿಲ್ಲದೆ | ತೂಕ ಸೇರಿಸಿ |
|---|---|---|---|---|
| 4313 ವೇತನ | 2, 1, 1, 2, 2 | 1, 2, 2, 2, 1 | ಶೇ. 80 | ಶೇ. 75 |
| 4321 ದಾಸ್ತಾನು | 2, 1, 2, 2, 0 | 1, 2, 1, 2, 0 | ಶೇ. 70 | ಶೇ. 83 |
| 4322 ಉತ್ಪಾದನೆ | 2, 1, 0, 1, 1 | 2, 1, 2, 1, 1 | ಶೇ. 50 | ಶೇ. 50 |

ಕ್ರಮ ತಿರುಗಿಬಿದ್ದಿದೆ. ದಾಸ್ತಾನಿನ ಕೆಲಸ ಮೇಲೆ ಬಂದಿದೆ, ಏಕೆಂದರೆ ಅದರ ಬೆನ್ನೆಲುಬಾದ ತೂಗುವ ಕೆಲಸ ಮತ್ತು ದಾಸ್ತಾನು ಲೆಕ್ಕ ರೈಟರ್‌ನ ದಿನನಿತ್ಯದ ಕೆಲಸ. ಶೇ. 75 ಮತ್ತು 83ರ ನಡುವಿನ ವ್ಯತ್ಯಾಸವನ್ನು ಅತಿಯಾಗಿ ನಂಬಬೇಡಿ. ಒಂದು ಅಂಕ ಆಚೀಚೆ ಹಾಕಿದರೆ ಅದು ಬದಲಾಗುತ್ತದೆ. ಶೇ. 70 ದಾಟಿದ ಎರಡೂ ಅರ್ಜಿ ಹಾಕಲು ಯೋಗ್ಯ ಎಂದು ತಿಳಿಯಿರಿ.

ಶೇಕಡಾವಾರಿಗಿಂತ ಹೆಚ್ಚು ಹೇಳುವುದು ಇನ್ನೊಂದು ಸಂಗತಿ: ತೂಕ 2 ಇರುವ ಕೆಲಸದ ಮುಂದೆ 0 ಇದೆಯೇ? ಉತ್ಪಾದನಾ ಗುಮಾಸ್ತರಲ್ಲಿ ಅದೇ ಆಗಿದೆ. ಆರ್ಡರ್ ನೋಡಿ ವೇಳಾಪಟ್ಟಿ ಮಾಡುವುದು ಆ ಹುದ್ದೆಯ ಜೀವ, ತೋಟದಲ್ಲಿ ಅದರ ಹತ್ತಿರದ ಕೆಲಸವೂ ಇಲ್ಲ. ಉಳಿದ ಎಲ್ಲದಕ್ಕೂ 2 ಬಂದಿದ್ದರೂ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು. ಸ್ಟೋರ್‌ನಲ್ಲಿ ಕೆಲವು ವರ್ಷ ಇದ್ದು ಆ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಅದು ಎರಡನೆಯ ಹೆಜ್ಜೆಯಾಗಬಹುದು.

1 ಬಂದ ಕಡೆ ಏನು ಕಲಿಯಬೇಕು

ಈ ಹಾಳೆಯ ಮುಖ್ಯ ಪ್ರಯೋಜನ ಇಲ್ಲಿದೆ. 2 ಬಂದ ಕಡೆ ಕಲಿಯಲು ಹೆಚ್ಚೇನೂ ಇಲ್ಲ. 1 ಬಂದ ಕಡೆ ಏನು ಕೊರತೆ ಎಂದು ಬೆರಳಿಟ್ಟು ತೋರಿಸಬಹುದು.

ವೇತನದ ಕಡೆಯ ಕೊರತೆ ಮುಖ್ಯವಾಗಿ ಇಎಸ್‌ಐ, ಅಂದರೆ ಕಾರ್ಮಿಕರ ವೈದ್ಯಕೀಯ ವಿಮೆ. ತೋಟಗಳಲ್ಲಿ ವೈದ್ಯಕೀಯ ಸೌಲಭ್ಯ ಪ್ಲಾಂಟೇಷನ್ ಕಾರ್ಮಿಕರ ಕಾನೂನಿನ ಮೂಲಕ ಬಂದದ್ದು, ಆದ್ದರಿಂದ ಸಾಮಾನ್ಯವಾಗಿ ಇಎಸ್‌ಐ ಕಡಿತ ರೈಟರ್ ಕೈಯಲ್ಲಿ ಓಡಾಡಿರುವುದಿಲ್ಲ. ಕಾರ್ಖಾನೆಯಲ್ಲಿ ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಅದು ಅನ್ವಯಿಸುತ್ತದೆ. 2019ರ ಜುಲೈನಿಂದ ಕಾರ್ಮಿಕರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ವೇತನ 15,000 ಆದರೆ ಕಾರ್ಮಿಕರ ಇಎಸ್‌ಐ 112.50, ಅದನ್ನು ಮುಂದಿನ ರೂಪಾಯಿಗೆ ಏರಿಸಿ 113 ಎಂದು ಬರೆಯುತ್ತಾರೆ. ಶೇ. 12ರಂತೆ ಪಿಎಫ್ 1,800. ಈ ಎರಡು ಸಾಲಿನ ಲೆಕ್ಕವನ್ನು ಸಂದರ್ಶನದಲ್ಲಿ ಕಾಗದದ ಮೇಲೆ ಮಾಡಿ ತೋರಿಸುವವರನ್ನು ಕಾರ್ಖಾನೆಯಲ್ಲಿ ಹಾಜರಿ, ವೇತನ ನೋಡುವ ಟೈಮ್ ಆಫೀಸಿನವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಜೊತೆಗೆ ಪಿಎಫ್‌ಗೆ ತಿಂಗಳು ತಿಂಗಳು ಏರಿಸುವ ಇಸಿಆರ್ ಕಡತದಲ್ಲಿ ಏನೇನು ಇರುತ್ತದೆ ಎಂದು ನೋಡಿ ತಿಳಿದುಕೊಳ್ಳಿ. ಮೂರನೆಯ ಕೊರತೆಯಾದ ಬ್ಯಾಂಕ್ ಪಾವತಿ ಅಂಥ ದೊಡ್ಡ ವಿಷಯವಲ್ಲ.

ದಾಸ್ತಾನಿನ ಕಡೆ ಕೊರತೆ ಎರಡು. ಒಂದು, ಯಾವಾಗ ಮರು ಬೇಡಿಕೆ ಕಳಿಸಬೇಕೆಂಬ ಲೆಕ್ಕ. ದಿನಕ್ಕೆ 20 ಲೀಟರ್ ಡೀಸೆಲ್ ಖರ್ಚು, ಬರಲು 5 ದಿನ ಬೇಕು, ಎರಡು ದಿನದ ಮುಂಜಾಗ್ರತೆ ಎಂದರೆ 140 ಲೀಟರ್‌ಗೆ ಇಳಿದ ದಿನವೇ ಬೇಡಿಕೆ ಹೋಗಬೇಕು. ಈ ಲೆಕ್ಕ ರೈಟರ್‌ಗೆ ಹೊಸದಲ್ಲ, ನಿರ್ಧಾರ ಮಾತ್ರ ಬೇರೆಯವರದಾಗಿತ್ತು. ಎರಡು, ಅಂಕದಲ್ಲಿ ಕಾಣದಿದ್ದರೂ, ಪುಸ್ತಕದ ಬದಲು ಕಂಪ್ಯೂಟರ್. ಸರಕು ಬಂದಾಗಿನ ರಸೀದಿ, ಕೊಟ್ಟಾಗಿನ ಚೀಟಿ, ಮುಗಿದಾಗಿನ ಲೆಕ್ಕ ಇವೆಲ್ಲ ಟ್ಯಾಲಿಯಲ್ಲಿ ಅಥವಾ ಕಂಪನಿಯ ತಂತ್ರಾಂಶದಲ್ಲಿ ಇರುತ್ತವೆ. ಟ್ಯಾಲಿಯ ದಾಸ್ತಾನು ಭಾಗವನ್ನಷ್ಟೇ ಕಲಿಯುವುದಕ್ಕೆ ಪೂರ್ತಿ ಅಕೌಂಟಿಂಗ್ ಕೋರ್ಸ್‌ನ ಹಣ ಕಟ್ಟಬೇಕಾಗಿಲ್ಲ. ರವಾನೆಗೆ ಸಂಬಂಧಿಸಿದಂತೆ ಇ-ವೇ ಬಿಲ್ ಎಂದರೇನು, ಅದರಲ್ಲಿ ಏನು ತುಂಬುತ್ತಾರೆ ಎಂಬುದೂ ಗೊತ್ತಿರಲಿ.

ವಿದ್ಯಾರ್ಹತೆಯ ಗೆರೆ

ಎನ್‌ಸಿಒದಲ್ಲಿ ನಾಲ್ಕು ಕೌಶಲ ಮಟ್ಟಗಳಿವೆ. 4ನೆಯ ವಿಭಾಗದ ಗುಮಾಸ್ತೆ ಕೆಲಸಗಳು ಎರಡನೆಯ ಮಟ್ಟದಲ್ಲಿವೆ, ಅಂದರೆ 11ರಿಂದ 13 ವರ್ಷದ ಓದು. ಪಿಯುಸಿ ಆದವರಿಗೆ ಇದು ಸರಿಹೊಂದುತ್ತದೆ. 3ನೆಯ ವಿಭಾಗದ ಮೇಲ್ವಿಚಾರಕ ಹುದ್ದೆಗಳು, ಉದಾಹರಣೆಗೆ 3122 ಉತ್ಪಾದನಾ ಮೇಲ್ವಿಚಾರಕರು, ಮೂರನೆಯ ಮಟ್ಟದವು, 14ರಿಂದ 15 ವರ್ಷದ ಓದು. 60 ಜನರ ಕೆಲಸ ನೋಡಿದವರಿಗೆ ಆ ಕೆಲಸ ಮಾಡುವ ಶಕ್ತಿ ಇರಬಹುದು. ಐಎಸ್‌ಸಿಒ ಕೂಡ ಅನುಭವದಿಂದ ಬಂದ ಕೌಶಲವನ್ನು ಓದಿಗೆ ಸಮನಾಗಿ ಒಪ್ಪುತ್ತದೆ. ಆದರೆ ಅರ್ಜಿಗಳನ್ನು ಸೋಸುವವರು ಮೊದಲು ನೋಡುವುದು ವಿದ್ಯಾರ್ಹತೆಯ ಕಾಲಂ. ಹೊರಗಿನಿಂದ ಅರ್ಜಿ ಹಾಕುವಾಗ ಒಂದೇ ಮಟ್ಟದಲ್ಲಿ ಪಕ್ಕಕ್ಕೆ ಸರಿಯುವುದು ಸುಲಭ. ಮೇಲಕ್ಕೆ ಏರುವುದು ಒಳಗೆ ಸೇರಿದ ಮೇಲೆ ಸುಲಭ.

ನಾಲ್ಕನೆಯ ಹಂತ: ಸಂಕೇತದಿಂದ ಊರಿನ ಹೆಸರಿಗೆ

‘ದಾಸ್ತಾನು ಗುಮಾಸ್ತ ಬೇಕಾಗಿದ್ದಾರೆ’ ಎಂದು ಯಾರೂ ಜಾಹೀರಾತು ಕೊಡುವುದಿಲ್ಲ. 4321ರ ಜನರನ್ನು ಸ್ಟೋರ್ ಕೀಪರ್, ಗೋಡೌನ್ ಕೀಪರ್, ಡಿಸ್ಪ್ಯಾಚ್ ಕ್ಲರ್ಕ್ ಎನ್ನುತ್ತಾರೆ. 4313ರ ಜನರನ್ನು ಕಾರ್ಖಾನೆಗಳಲ್ಲಿ ಟೈಮ್ ಕೀಪರ್, ಟೈಮ್ ಆಫೀಸ್ ಅಸಿಸ್ಟೆಂಟ್ ಎನ್ನುತ್ತಾರೆ. ಜಾಲತಾಣಗಳಲ್ಲಿ ಇವುಗಳನ್ನು ಒಂದೊಂದಾಗಿ ಟೈಪ್ ಮಾಡಿ:

```
store keeper
store assistant
godown keeper
dispatch clerk
weighbridge operator
time keeper
time office
payroll assistant
```

ಸ್ಥಳದ ಹೆಸರಿನಲ್ಲೂ ಒಂದು ತೊಡಕಿದೆ. 2014ರಲ್ಲಿ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾದರೂ ಜಾಹೀರಾತುಗಳಲ್ಲಿ ಹಳೆಯದೂ ಉಳಿದಿದೆ. `Chikkamagaluru` ಹಾಕಿ ನೋಡಿದ ಮೇಲೆ `Chikmagalur` ಹಾಕಿಯೂ ನೋಡಿ, ಫಲಿತಾಂಶ ಬೇರೆ ಬರುತ್ತದೆ. ಸಕಲೇಶಪುರ, ಚಿಕ್ಕಮಗಳೂರು ಎರಡೂ ಕಡೆಯವರಿಗೆ ಹಾಸನ ಹತ್ತಿರ, ಅದನ್ನೂ ಸೇರಿಸಿ.

ಸಿಕ್ಕ ಜಾಹೀರಾತುಗಳಲ್ಲಿ ಪ್ರತಿ ಹೆಸರಿಗೆ ಹತ್ತನ್ನು ಓದಿ, ಪ್ರತಿಯೊಂದು ಬೇಡಿಕೆಯ ಮುಂದೆಯೂ ಮತ್ತೆ 2, 1, 0 ಹಾಕಿ. ಪುಸ್ತಕದ ಪಟ್ಟಿಯಲ್ಲಿ ಇಲ್ಲದ ಒಂದು ಬೇಡಿಕೆ ಹತ್ತರಲ್ಲಿ ಆರು ಕಡೆ ಬಂದರೆ, ಉದಾಹರಣೆಗೆ ಎಕ್ಸೆಲ್ ಅಥವಾ ರಾತ್ರಿ ಪಾಳಿ, ಅದನ್ನು ಹಾಳೆಗೆ ಹೊಸ ಸಾಲಾಗಿ ಸೇರಿಸಿ, ತೂಕ 2 ಕೊಟ್ಟು, ಶೇಕಡಾವಾರನ್ನು ಮತ್ತೆ ಲೆಕ್ಕ ಹಾಕಿ. ಸೂತ್ರದಲ್ಲಿ ಸಾಲಿನ ಸಂಖ್ಯೆ 6 ಇದ್ದದ್ದನ್ನು 7 ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಸಾಲು ಲೆಕ್ಕಕ್ಕೇ ಬರುವುದಿಲ್ಲ. ವರ್ಗೀಕರಣ 2015ರದು, ಜಾಹೀರಾತು ಈ ತಿಂಗಳದ್ದು. ಎರಡೂ ಬೇರೆ ಬೇರೆ ಹೇಳಿದರೆ ಜಾಹೀರಾತನ್ನೇ ನಂಬಿ.

ಅರ್ಜಿಯಲ್ಲಿ ಏನು ಬರೆಯಬೇಕು

ಹುದ್ದೆಯ ಹೆಸರನ್ನು ಬದಲಿಸಬೇಡಿ. ‘ಸ್ಟೋರ್ ಕೀಪರ್ ಆಗಿದ್ದೆ’ ಎಂದು ಬರೆದು, ಹೊಸ ಕಂಪನಿಯವರು ತೋಟಕ್ಕೆ ಫೋನ್ ಮಾಡಿ ‘ಅವರು ರೈಟರ್ ಆಗಿದ್ದರು’ ಎಂಬ ಉತ್ತರ ಬಂದರೆ ನಂಬಿಕೆ ಹೋಗುತ್ತದೆ. ‘ಎಸ್ಟೇಟ್ ರೈಟರ್’ ಎಂದೇ ಬರೆದು, ಅದರ ಪಕ್ಕದಲ್ಲೇ ‘ದಾಸ್ತಾನು, ತೂಕ, ಹಾಜರಿ ಮತ್ತು ವೇತನ ದಾಖಲೆ’ ಎಂದು ಸೇರಿಸಿ. ಅದರ ಕೆಳಗೆ ಮೊದಲ ಹಂತದಲ್ಲಿ ಬರೆದ ವಾಕ್ಯಗಳಿಂದ, ಆ ಹುದ್ದೆಗೆ 2 ಅಂಕ ಬಂದ ಐದಾರನ್ನು ಸಂಖ್ಯೆಗಳ ಸಮೇತ ಹಾಕಿ. ಸ್ಟೋರ್ ಕೆಲಸದ ಅರ್ಜಿಗೆ ತೂಕ ಮತ್ತು ರವಾನೆ ಮೊದಲು ಬರಲಿ, ಟೈಮ್ ಆಫೀಸಿನ ಅರ್ಜಿಗೆ ಚೆಕ್‌ರೋಲ್ ಮತ್ತು ಬಟವಾಡೆ ಮೊದಲು ಬರಲಿ. ಚೆಕ್‌ರೋಲ್, ಬಟವಾಡೆ ಎಂಬ ಮಾತು ಗಾರ್ಮೆಂಟ್ಸ್‌ನವರಿಗೆ ಗೊತ್ತಿರುವುದಿಲ್ಲ, ಹಾಜರಿ ದಾಖಲೆ, ವೇತನ ಪಟ್ಟಿ ಎಂದೇ ಬರೆಯಿರಿ. ಕ್ಯೂರಿಂಗ್ ವರ್ಕ್ಸ್‌ಗೆ ಅರ್ಜಿ ಹಾಕುವಾಗ ಮಾತ್ರ ತೋಟದ ಮಾತನ್ನು ಹಾಗೆಯೇ ಉಳಿಸಿ, ಅಲ್ಲಿ ಅದೇ ನಿಮ್ಮ ಅರ್ಹತೆ.

ವರ್ಗೀಕರಣದಲ್ಲಿ ಸಂಬಳದ ಅಂಕಿಯಿಲ್ಲ, ಅದನ್ನು ನೀವೇ ಹೋಲಿಸಬೇಕು. ಹೋಲಿಸುವಾಗ ಕೈಗೆ ಬರುವ ಹಣವನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ತೋಟದ ಕ್ವಾರ್ಟರ್ಸ್, ಸೌದೆ, ನೀರು, ಕರೆಂಟಿಗೆ ಹಾಸನದಲ್ಲಿ ತಿಂಗಳಿಗೆ ಎಷ್ಟು ಕೊಡಬೇಕಾಗುತ್ತದೆ ಎಂದು ವಿಚಾರಿಸಿ, ಆ ಮೊತ್ತವನ್ನು ಈಗಿನ ಸಂಬಳಕ್ಕೆ ಕೂಡಿಸಿ. ಓಡಾಟದ ಬಸ್ ಚಾರ್ಜನ್ನು ಹೊಸ ಸಂಬಳದಿಂದ ಕಳೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.